ಬಿಲ್ ಇದ್ದರೆ ಸಾಲದು, ಪಾಲಿನ ಲೆಕ್ಕ ಬೇಕು: ಮನೆಯಲ್ಲೇ ಬರೆಯುವವರ ಬಾಡಿಗೆ ಮತ್ತು ಇಂಟರ್ನೆಟ್ ಖರ್ಚು

ಮನೆಯಲ್ಲೇ ಕೂತು ಬರೆಯುವ ಫ್ರೀಲಾನ್ಸ್ ಲೇಖಕರು ತೆರಿಗೆ ಲೆಕ್ಕ ಹಾಕುವಾಗ ಎರಡು ಖರ್ಚುಗಳ ಹತ್ತಿರ ಬಂದು ತಡವರಿಸುತ್ತಾರೆ. ಒಂದು ಮನೆಯ ಬಾಡಿಗೆ, ಇನ್ನೊಂದು ಇಂಟರ್ನೆಟ್. ಒಂದು ಲೇಖನಕ್ಕೆಂದೇ ಪುಸ್ತಕ ಕೊಂಡರೆ ಅದು ಪೂರ್ತಿ ಕೆಲಸದ ಖರ್ಚು, ಗೊಂದಲವಿಲ್ಲ. ಆದರೆ ಬಾಡಿಗೆ ಕಟ್ಟುವುದು ಬರೆಯುವುದಕ್ಕೂ ಹೌದು, ಮಲಗುವುದಕ್ಕೂ ಹೌದು. ಇಂಟರ್ನೆಟ್ಟಿನಲ್ಲಿ ಲೇಖನವೂ ಹೋಗುತ್ತದೆ, ಮನೆಮಂದಿಯ ಸಿನಿಮಾವೂ ಬರುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ಹನ್ನೆರಡು ತಿಂಗಳ ಬಿಲ್‌ಗಳನ್ನು ಜೋಡಿಸಿ ಇಟ್ಟುಕೊಳ್ಳುವುದು. ಬಿಲ್ ಬೇಕೇ ಬೇಕು. ಆದರೆ ಅದು ಹೇಳುವುದು ಇಷ್ಟೇ, ಈ ತಿಂಗಳು ಇಷ್ಟು ದುಡ್ಡು ಬಾಕಿ ಇತ್ತು ಅಂತ. ನೀವು ಬಾಡಿಗೆ ಕಟ್ಟಿದ್ದೀರಿ ಎಂಬುದರ ಬಗ್ಗೆ ತೆರಿಗೆ ಅಧಿಕಾರಿಗೆ ಸಾಮಾನ್ಯವಾಗಿ ಅನುಮಾನ ಇರುವುದಿಲ್ಲ. ಅವರು ಕೇಳುವ ಪ್ರಶ್ನೆ ಬೇರೆ: ಇದರಲ್ಲಿ ಕೆಲಸದ ಪಾಲು ಎಷ್ಟು, ಅದು ಇಷ್ಟೇ ಎಂದು ಹೇಗೆ ಗೊತ್ತಾಯಿತು? ಈ ಎರಡನೇ ಪ್ರಶ್ನೆಗೆ ಕಾಗದ ಇಟ್ಟುಕೊಂಡವರು ಬಹಳ ಕಡಿಮೆ. ಕ್ಲೇಮ್ ಬಿದ್ದುಹೋಗುವುದು ಬಹುತೇಕ ಇಲ್ಲೇ.

ಹಾಗಾಗಿ ಪಾಲನ್ನು ಲೆಕ್ಕ ಹಾಕುವುದು ಹೇಗೆ, ಅದಕ್ಕೆ ಯಾವ ಪುರಾವೆ ನಿಲ್ಲುತ್ತದೆ ಎಂಬುದನ್ನು ಒಬ್ಬ ಲೇಖಕಿಯ ಲೆಕ್ಕ ಹಿಡಿದು ನೋಡೋಣ. ಈ ಲೆಕ್ಕ ಉದಾಹರಣೆಗಾಗಿ ಮಾಡಿಕೊಂಡದ್ದು. ಕರೆನ್ಸಿ ಯಾವುದಾದರೂ ಆಗಲಿ, ದಾರಿ ಒಂದೇ.

ಕೋಣೆಯ ಪಾಲು

ಆಕೆಯ ಬಾಡಿಗೆ ಮನೆ ಒಟ್ಟು 900 ಚದರಡಿ. ಬರೆಯುವ ಕೋಣೆ 108 ಚದರಡಿ, ಅಂದರೆ ಮನೆಯ ಶೇಕಡ 12. ಕೋಣೆಗಳು ಹೆಚ್ಚುಕಡಿಮೆ ಒಂದೇ ಅಳತೆ ಇದ್ದಾಗ ಐದು ಕೋಣೆಯಲ್ಲಿ ಒಂದು ಎಂದು ಎಣಿಸುವವರೂ ಇದ್ದಾರೆ. ಆದರೆ ಚಿಕ್ಕ ಕೋಣೆಯಲ್ಲಿ ಕೂತು ಬರೆಯುವವರು ಹಾಗೆ ಎಣಿಸಿದರೆ ಪಾಲು ಸುಮ್ನೆ ಉಬ್ಬುತ್ತದೆ. ನನ್ನ ಪ್ರಕಾರ ಟೇಪ್ ಹಿಡಿದು ಅಳೆಯುವುದೇ ಒಳ್ಳೆಯದು. ಅರ್ಧ ಗಂಟೆಯ ಕೆಲಸ, ಮನೆ ಬದಲಾಯಿಸುವ ತನಕ ಮತ್ತೆ ಮಾಡಬೇಕಿಲ್ಲ.

ಅಳೆಯುವಾಗ ಒಂದು ಎಚ್ಚರ ಬೇಕು. ಕೋಣೆಯನ್ನು ಗೋಡೆಯ ಒಳಗಡೆಯಿಂದ ಅಳೆದು, ಮನೆಯ ಒಟ್ಟು ಅಳತೆಯನ್ನು ಮಾತ್ರ ಬಾಡಿಗೆ ಕರಾರಿನಿಂದ ಎತ್ತಿಕೊಂಡರೆ ಎರಡಕ್ಕೂ ತಾಳ ಸೇರುವುದಿಲ್ಲ. ಕರಾರಿನಲ್ಲಿ ಗೋಡೆ, ಬಾಲ್ಕನಿ, ಮೆಟ್ಟಿಲು ಎಲ್ಲ ಸೇರಿರಬಹುದು. ಎರಡನ್ನೂ ಒಂದೇ ರೀತಿಯಲ್ಲಿ ಅಳೆಯಬೇಕು.

ಇನ್ನು ಸಮಯದ ಮಾತು. ಆ ಕೋಣೆಯಲ್ಲಿ ಆಕೆ ವಾರಕ್ಕೆ 36 ಗಂಟೆ ಕೆಲಸ ಮಾಡುತ್ತಾಳೆ. ಅದೇ ಮೇಜಿನಲ್ಲಿ ಮಗ ವಾರಕ್ಕೆ 9 ಗಂಟೆ ಓದುತ್ತಾನೆ. ಕೋಣೆ ಬಳಕೆಯಲ್ಲಿರುವುದು ಒಟ್ಟು 45 ಗಂಟೆ, ಅದರಲ್ಲಿ ಕೆಲಸದ್ದು ಶೇಕಡ 80. ಈಗ ಎರಡನ್ನೂ ಗುಣಿಸಬೇಕು. ಶೇಕಡ 12ರ ಶೇಕಡ 80 ಅಂದರೆ ಶೇಕಡ 9.6. ತಿಂಗಳ ಬಾಡಿಗೆ 10,000 ಇದ್ದರೆ ಆಕೆಯ ಕೆಲಸದ ಪಾಲು 960. ವರ್ಷಕ್ಕೆ 11,520.

ಇದು ಚಿಕ್ಕ ಮೊತ್ತ ಅನಿಸಬಹುದು. ಬಾಡಿಗೆಯ ಅರ್ಧವನ್ನೋ ಮೂರನೇ ಒಂದು ಭಾಗವನ್ನೋ ಹಾಕಿಕೊಳ್ಳುವವರಿಗೆ ಹಾಗೆ ಅನಿಸುವುದು ಸಹಜ. ಆದರೆ 960ರ ಹಿಂದೆ ಅಳತೆ ಇದೆ, ಗಂಟೆ ಇದೆ. 5,000ದ ಹಿಂದೆ ಏನೂ ಇಲ್ಲ. ಅರ್ಧ, ಕಾಲು, ಶೇಕಡ 30 ಅನ್ನುವಂಥ ದುಂಡು ಅಂಕಿ ಕಂಡ ಕೂಡಲೇ ಪರಿಶೀಲಿಸುವವರು ಲೆಕ್ಕದ ಹಾಳೆ ಕೇಳುತ್ತಾರೆ. ಅಳೆದು ನೋಡಿದ ಪಾಲು ದುಂಡಗೆ ಬರುವುದು ಅಪರೂಪ, ಅಲ್ವಾ?

ಕರೆಂಟ್ ಬಿಲ್‌ಗೂ ಇದೇ ಶೇಕಡ 9.6 ಹಾಕುವುದು ರೂಢಿ. ಸ್ವಂತ ಮನೆಯಾದರೆ ಬಾಡಿಗೆಯ ಮಾತಿಲ್ಲ. ಆಗ ಸಾಲದ ಬಡ್ಡಿ, ಕಟ್ಟಡದ ಸವಕಳಿಯ ಪ್ರಶ್ನೆ ಬರುತ್ತದೆ. ಸಾಲದ ಅಸಲು ಮಾತ್ರ ಖರ್ಚಲ್ಲ.

ಇಂಟರ್ನೆಟ್ಟಿಗೆ ಕೋಣೆಯ ಪಾಲು ಹಾಕಬೇಡಿ

ಲೆಕ್ಕ ಸುಲಭವಾಗಲಿ ಎಂದು ಅನೇಕರು ಇಂಟರ್ನೆಟ್ ಬಿಲ್‌ಗೂ ಚದರಡಿಯ ಪಾಲನ್ನೇ ಹಾಕಿಬಿಡುತ್ತಾರೆ. ಇದು ತಪ್ಪು, ಅದೂ ತಮಗೇ ನಷ್ಟವಾಗುವ ತಪ್ಪು. ಇಂಟರ್ನೆಟ್ ಜಾಗಕ್ಕೆ ತಕ್ಕಂತೆ ಖರ್ಚಾಗುವುದಿಲ್ಲ. ಯಾರು ಎಷ್ಟು ಹೊತ್ತು ಬಳಸಿದರು ಎಂಬುದರ ಮೇಲೆ ಅದರ ಲೆಕ್ಕ.

ನಮ್ಮ ಲೇಖಕಿಯ ತಿಂಗಳ ಬಿಲ್ 1,000. ಬಿಲ್ಲನ್ನು ಬಿಡಿಸಿ ನೋಡಿದರೆ ಅದರಲ್ಲಿ 200 ಟಿವಿ ಪ್ಯಾಕಿನದು. ಮೊದಲು ಅದನ್ನು ಕಳೆಯಬೇಕು. ಉಳಿದದ್ದು 800. ಕಂಪನಿ ಒಂದೇ ಮೊತ್ತ ಬರೆದು ಕಳಿಸುತ್ತಿದ್ದರೆ, ಟಿವಿ ಇಲ್ಲದ ಅದೇ ವೇಗದ ಪ್ಲಾನಿಗೆ ಆ ಕಂಪನಿ ಎಷ್ಟು ತೆಗೆದುಕೊಳ್ಳುತ್ತದೆ ಎಂದು ನೋಡಿ, ಆ ಪುಟದ ಪ್ರತಿ ಇಟ್ಟುಕೊಳ್ಳಬೇಕು.

ಆಮೇಲೆ ಆಕೆ ನಾಲ್ಕು ವಾರ ಬಳಕೆಯನ್ನು ಬರೆದಿಟ್ಟಳು. ಆಕೆಯ ಕೆಲಸಕ್ಕೆ 140 ಗಂಟೆ, ಆಕೆಯದೇ ಸ್ವಂತ ಬಳಕೆಗೆ 40, ಗಂಡನದು 60, ಮಗನದು 110. ಒಟ್ಟು 350 ಗಂಟೆ. ಕೆಲಸದ ಪಾಲು ಶೇಕಡ 40, ಅಂದರೆ 800ರಲ್ಲಿ 320. ಕೋಣೆಯ ಪಾಲು ಹಾಕಿದ್ದರೆ 77ಕ್ಕೇ ನಿಲ್ಲುತ್ತಿತ್ತು. ಪೂರ್ತಿ 1,000 ಹಾಕಿದ್ದರೆ ಮನೆಯಲ್ಲಿ ಇನ್ನಿಬ್ಬರು ಇದ್ದಾರೆ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿಲ್ಲುತ್ತಿರಲಿಲ್ಲ.

ಗಂಟೆಯ ಬದಲು ಡೇಟಾ ಲೆಕ್ಕ ಹಾಕಬಹುದಾ? ಹಾಕಬಹುದು, ಎಷ್ಟೋ ರೂಟರ್‌ಗಳು ಯಾವ ಸಾಧನ ಎಷ್ಟು ಡೇಟಾ ಎಳೆಯಿತು ಎಂದು ತೋರಿಸುತ್ತವೆ. ಆದರೆ ಲೇಖಕರಿಗೆ ಅದರಿಂದ ಅನ್ಯಾಯವೇ ಜಾಸ್ತಿ. ಇಡೀ ದಿನ ಹುಡುಕಿ, ಓದಿ, ಮೇಲ್ ಕಳಿಸಿದರೂ ಒಂದು ಸಿನಿಮಾದಷ್ಟು ಡೇಟಾ ಆಗುವುದಿಲ್ಲ. ನಿಮ್ಮ ಕೆಲಸ ಬರೀ ಅಕ್ಷರದ್ದಾದರೆ ಗಂಟೆಯೇ ನ್ಯಾಯವಾದ ಅಳತೆ. ಯಾವುದನ್ನು ಹಿಡಿದರೂ ವರ್ಷಪೂರ್ತಿ ಅದನ್ನೇ ಹಿಡಿಯಬೇಕು. ಒಂದು ತಿಂಗಳು ಗಂಟೆ, ಇನ್ನೊಂದು ತಿಂಗಳು ಡೇಟಾ ಎಂದರೆ ಲಾಭ ನೋಡಿಕೊಂಡು ಅಳತೆ ಬದಲಿಸಿದಂತೆ ಕಾಣುತ್ತದೆ.

ಮೇಲಿನ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕೋಣೆಯಲ್ಲಿ ವಾರಕ್ಕೆ 36 ಗಂಟೆ ಎಂದರೆ ನಾಲ್ಕು ವಾರಕ್ಕೆ 144. ಇಂಟರ್ನೆಟ್ಟಿನಲ್ಲಿ ಕೆಲಸ 140 ಗಂಟೆ. ಉಳಿದ ನಾಲ್ಕು ಗಂಟೆ ಕಾಗದದ ಮೇಲೆ ಕರಡು ತಿದ್ದಿದ್ದು. ಎರಡೂ ಒಂದಕ್ಕೊಂದು ಹೊಂದುತ್ತವೆ. ಇಂಟರ್ನೆಟ್ ಪಟ್ಟಿಯಲ್ಲಿ 200 ಗಂಟೆ ಎಂದು ಬರೆದಿದ್ದರೆ, ಆ ಹೆಚ್ಚಿನ ಗಂಟೆಗಳಲ್ಲಿ ಎಲ್ಲಿ ಕೂತು ಕೆಲಸ ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧ ಇರಬೇಕಿತ್ತು. ಅಧಿಕಾರಿಗಳು ಹುಡುಕುವುದು ಇಂಥ ತಾಳ ತಪ್ಪಿದ ಜಾಗಗಳನ್ನೇ.

ಅದೇ ಲೇಖಕಿ, ಬೇರೆ ಬೇರೆ ದೇಶ

ಪಾಲಿನ ಲೆಕ್ಕ ಎಲ್ಲ ಕಡೆಯೂ ಇದೇ ತರ್ಕದಲ್ಲಿ ನಡೆದರೂ, ಆ ಪಾಲನ್ನು ಒಪ್ಪಿಕೊಳ್ಳುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಫ್ರೀಲಾನ್ಸ್ ಲೇಖಕರು ಬೇರೆ ದೇಶದವರ ಸಲಹೆ ಓದಿಕೊಂಡು ತಮ್ಮ ರಿಟರ್ನ್ ತುಂಬುವುದು ಈಗ ಮಾಮೂಲಿ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಅಮೆರಿಕದಲ್ಲಿ ಈಕೆಗೆ ಕೋಣೆಯ ಖರ್ಚು ಒಂದು ಪೈಸೆಯೂ ಸಿಗುವುದಿಲ್ಲ. ಅಲ್ಲಿ ಆ ಜಾಗ ನಿಯಮಿತವಾಗಿ, ಕೆಲಸಕ್ಕೆ ಮಾತ್ರ ಬಳಕೆಯಾಗಬೇಕು. ಮಗ ಅಲ್ಲಿ ಓದಿದನೆಂದರೆ ಆ ಷರತ್ತು ಮುರಿಯಿತು. ಮಗನ ಓದನ್ನು ಬೇರೆ ಕಡೆಗೆ ಕಳಿಸಿದರೆ ದಾರಿ ತೆರೆಯುತ್ತದೆ. ಇಡೀ ಕೋಣೆಯೇ ಆಗಬೇಕೆಂದೂ ಇಲ್ಲ, ಬೇರೆಯಾಗಿ ಗುರುತಿಸಬಹುದಾದ ಒಂದು ಮೂಲೆಯಾದರೂ ಸಾಕು. ಆಗ ಆಕೆ ಫಾರ್ಮ್ 8829ರಲ್ಲಿ ನಿಜವಾದ ಖರ್ಚಿನ ಪಾಲು ತೋರಿಸಬಹುದು. ಇಲ್ಲವೇ ಸರಳ ವಿಧಾನದಲ್ಲಿ ಚದರಡಿಗೆ 5 ಡಾಲರಿನಂತೆ, 300 ಚದರಡಿ ಮೀರದಂತೆ ಹಾಕಬಹುದು. 108 ಚದರಡಿಗೆ ವರ್ಷಕ್ಕೆ 540 ಡಾಲರ್. ಕೋಣೆಯ ಷರತ್ತು ಇಂಟರ್ನೆಟ್ಟಿಗೆ ಅಂಟಿಕೊಂಡಿಲ್ಲ, ಅದರ ಕೆಲಸದ ಪಾಲನ್ನು ಬೇರೆಯಾಗಿ ಕೇಳಬಹುದು.

ಬ್ರಿಟನ್ನಿನಲ್ಲಿ ಗಾಳಿ ಉಲ್ಟಾ ಬೀಸುತ್ತದೆ. ಸ್ವಂತ ಮನೆಯ ಒಂದು ಕೋಣೆಯನ್ನು ಕೆಲಸಕ್ಕೆ ಮಾತ್ರ ಮೀಸಲಿಟ್ಟರೆ, ಮುಂದೆ ಮನೆ ಮಾರಿದಾಗ ಆ ಭಾಗದ ಲಾಭಕ್ಕೆ ತೆರಿಗೆ ವಿನಾಯಿತಿ ತಪ್ಪಬಹುದು. ಹಾಗಾಗಿ ಕೋಣೆಗೆ ಸ್ವಲ್ಪ ಮನೆಬಳಕೆಯೂ ಇರುವುದು ಅಲ್ಲಿ ಕ್ಷೇಮ. ಬಿಲ್‌ಗಳ ಪಾಲು ಲೆಕ್ಕ ಹಾಕುವುದು ಬೇಡವೆಂದರೆ ಗಂಟೆ ನೋಡಿ ನಿಗದಿ ಮೊತ್ತ ಹಾಕಿಕೊಳ್ಳಬಹುದು. ತಿಂಗಳಿಗೆ 25ರಿಂದ 50 ಗಂಟೆ ಕೆಲಸಕ್ಕೆ 10 ಪೌಂಡ್, 51ರಿಂದ 100ಕ್ಕೆ 18, 101 ಅಥವಾ ಹೆಚ್ಚು ಗಂಟೆಗೆ 26. ಫೋನ್ ಮತ್ತು ಇಂಟರ್ನೆಟ್ ಇದರಲ್ಲಿ ಸೇರಿಲ್ಲ. ಈಕೆ 26 ಪೌಂಡ್ ಹಾಕಿಕೊಂಡು, ಇಂಟರ್ನೆಟ್ಟಿನ ಶೇಕಡ 40ನ್ನೂ ಕೇಳಬಹುದು.

ಆಸ್ಟ್ರೇಲಿಯಾದಲ್ಲಿ ಹಾಗೆ ಮಾಡಿದರೆ ಒಂದೇ ಖರ್ಚನ್ನು ಎರಡು ಸಲ ಕೇಳಿದಂತೆ. ಅಲ್ಲಿ 2024ರ ಜುಲೈನಿಂದ ಗಂಟೆಗೆ 70 ಸೆಂಟ್ ನಿಗದಿ ದರ ಬಂದಿದೆ. ಕರೆಂಟ್, ಫೋನ್, ಸ್ಟೇಷನರಿಯ ಜೊತೆ ಇಂಟರ್ನೆಟ್ ಕೂಡ ಅದರೊಳಗೇ ಇದೆ. ಈಕೆಯ 144 ಗಂಟೆಗೆ 100 ಡಾಲರ್ 80 ಸೆಂಟ್ ಆಯಿತು, ಇಂಟರ್ನೆಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಪುರಾವೆಯಲ್ಲೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಗದಿ ದರ ಬೇಕೆಂದರೆ ವರ್ಷಪೂರ್ತಿ ಕೆಲಸ ಮಾಡಿದ ಗಂಟೆಗಳ ದಾಖಲೆ ಬೇಕು. ನಾಲ್ಕು ವಾರದ ಡೈರಿಯನ್ನು ಇಡೀ ವರ್ಷಕ್ಕೆ ಹಿಗ್ಗಿಸುವುದನ್ನು ಆ ದರಕ್ಕೆ 2023ರ ಮಾರ್ಚ್‌ನಿಂದ ಒಪ್ಪುತ್ತಿಲ್ಲ. ನಿಜವಾದ ಖರ್ಚಿನ ವಿಧಾನ ಹಿಡಿದವರಿಗೆ ಫೋನ್, ಇಂಟರ್ನೆಟ್ ಪಾಲಿಗೆ ನಾಲ್ಕು ವಾರದ ದಾಖಲೆ ಈಗಲೂ ಸಾಲುತ್ತದೆ.

ಭಾರತದಲ್ಲಿ 2026ರ ಮಾರ್ಚ್ ತನಕದ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 38ನೇ ಕಲಂ ಮನೆಯ ಒಂದು ಭಾಗ ವೃತ್ತಿಗೆ ಬಳಕೆಯಾದಾಗ ಆ ಭಾಗಕ್ಕೆ ತಕ್ಕ ಬಾಡಿಗೆಯನ್ನು ಮಾತ್ರ ಖರ್ಚೆಂದು ನೋಡುತ್ತದೆ, ಆ ಪಾಲು ಎಷ್ಟೆಂದು ತೀರ್ಮಾನಿಸುವುದು ಅಧಿಕಾರಿ. ಆದರೆ ಅದೇ ಕಾಯ್ದೆಯಲ್ಲಿ ಕೆಲವು ವೃತ್ತಿಗಳಿಗೆ ಗಳಿಕೆಯ ಕನಿಷ್ಠ ಅರ್ಧವನ್ನು ಲಾಭವೆಂದು ಒಪ್ಪಿಕೊಳ್ಳುವ ಯೋಜನೆ ಇದೆ. ಆ ದಾರಿ ಹಿಡಿದವರಿಗೆ ಎಲ್ಲ ಖರ್ಚೂ ಅದರಲ್ಲೇ ಬಂತು ಎಂದು ಲೆಕ್ಕ. ಬಾಡಿಗೆ, ಇಂಟರ್ನೆಟ್ಟನ್ನು ಅದರ ಮೇಲೆ ಮತ್ತೆ ಕಳೆಯುವಂತಿಲ್ಲ.

ಹಾಗಾಗಿ ಯಾವುದೇ ನಿಗದಿ ದರ ಅಥವಾ ಅಂದಾಜು ಯೋಜನೆ ಹಿಡಿಯುವ ಮುಂಚೆ ಕೇಳಬೇಕಾದ್ದು ಇದು: ಇದರ ಹೊಟ್ಟೆಯಲ್ಲಿ ಇಂಟರ್ನೆಟ್ ಇದೆಯೋ ಇಲ್ಲವೋ?

ಯಾವ ಪುರಾವೆ ನಿಲ್ಲುತ್ತದೆ

ಕಾಗದಗಳನ್ನು ಮೂರು ಪದರವಾಗಿ ಯೋಚಿಸಿದರೆ ಅನುಕೂಲ. ಕೆಳಗಿನದು ಖರ್ಚಾಯಿತು ಎಂಬುದಕ್ಕೆ: ಬಾಡಿಗೆ ಕರಾರು, ಇಂಟರ್ನೆಟ್ ಬಿಲ್, ಅವುಗಳಿಗೆ ದುಡ್ಡು ಹೋದದ್ದನ್ನು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್. ಬಿಲ್ ಒಂದೇ ಇದ್ದರೆ ಕಟ್ಟಿದ್ದು ಗೊತ್ತಾಗುವುದಿಲ್ಲ. ಸ್ಟೇಟ್‌ಮೆಂಟ್ ಒಂದೇ ಇದ್ದರೆ ಯಾವುದಕ್ಕೆ ಕಟ್ಟಿದ್ದು ಎಂದು ಗೊತ್ತಾಗುವುದಿಲ್ಲ. ಎರಡೂ ಜೋಡಿಯಾಗಿ ಇರಬೇಕು. ಬಿಲ್ ಪಿಡಿಎಫ್ ಅನ್ನು ಬಂದ ತಿಂಗಳೇ ಇಳಿಸಿಕೊಳ್ಳಿ. ಕನೆಕ್ಷನ್ ಬದಲಾಯಿಸಿದರೆ ಹಳೇ ಕಂಪನಿಯ ಖಾತೆಯೂ ಅದರೊಳಗಿನ ಬಿಲ್‌ಗಳೂ ಕೈಗೆ ಸಿಗದೆ ಹೋಗಬಹುದು.

ನಡುವಿನ ಪದರ ಪಾಲಿನದು. ಮನೆಯ ನಕ್ಷೆಯೊಂದನ್ನು ಕೈಯಲ್ಲೇ ಬರೆದು ಪ್ರತಿ ಕೋಣೆಯ ಉದ್ದ ಅಗಲ ಹಾಕಿ, ಕೆಳಗೆ ಗುಣಾಕಾರ ತೋರಿಸಿ, ದಿನಾಂಕ ಬರೆದು ಸಹಿ ಮಾಡಿದರೆ ಸಾಕು. ಜೊತೆಗೆ ಮೇಜು, ಕಪಾಟು ಕಾಣುವಂತೆ ಕೋಣೆಯ ಎರಡು ಫೋಟೋ. ಗಂಟೆಗಳಿಗೆ ಡೈರಿ. ಡೈರಿಯ ಒಂದು ಸಾಲು ಹೀಗಿರಬಹುದು: "ಮಂಗಳವಾರ, 9.10ರಿಂದ 12.40, ಆರೋಗ್ಯ ಅಂಕಣದ ಎರಡನೇ ಕರಡು, ಸಂಪಾದಕರಿಗೆ ಮೇಲ್." "ಬೆಳಗ್ಗೆ ಕೆಲಸ" ಎಂದು ಬರೆದ ಸಾಲಿಗೆ ಅಷ್ಟು ಬೆಲೆ ಇಲ್ಲ, ಯಾಕೆಂದರೆ ಅದನ್ನು ಬೇರೆ ಯಾವುದಕ್ಕೂ ತಾಳೆ ನೋಡಲು ಆಗುವುದಿಲ್ಲ.

ತಾಳೆ ನೋಡುವುದೇ ಮೂರನೇ ಪದರ. ಇಲ್ಲಿ ಲೇಖಕರಿಗೆ ಬೇರೆ ಎಷ್ಟೋ ವೃತ್ತಿಯವರಿಗಿಲ್ಲದ ಅನುಕೂಲವಿದೆ. ನಿಮ್ಮ ಕೆಲಸ ತನ್ನಷ್ಟಕ್ಕೆ ತಾನೇ ಸಮಯದ ಗುರುತು ಬಿಡುತ್ತದೆ. ಸಂಪಾದಕರಿಗೆ ಕಳಿಸಿದ ಮೇಲಿನಲ್ಲಿ ಗಂಟೆ ನಿಮಿಷ ಇದೆ. ಡಾಕ್ಯುಮೆಂಟ್ ಫೈಲಿನ ಬದಲಾವಣೆ ಇತಿಹಾಸದಲ್ಲಿ ಯಾವಾಗ ಯಾವ ಸಾಲು ತಿದ್ದಿದಿರಿ ಎಂದಿದೆ. ಲೇಖನದ ಪ್ರಕಟಣೆ ದಿನಾಂಕ, ಇನ್‌ವಾಯ್ಸ್ ದಿನಾಂಕ, ದುಡ್ಡು ಬಂದ ದಿನಾಂಕ ಇವೆ. ಡೈರಿಯ ಮಂಗಳವಾರದ ಸಾಲಿಗೆ 12.38ರ ಮೇಲ್ ಜೊತೆಯಾದರೆ ಆ ಡೈರಿಯನ್ನು ನಂಬದಿರುವುದು ಕಷ್ಟ. ಎಲ್ಲ ಸಾಲಿಗೂ ಹೀಗೆ ಸಾಕ್ಷಿ ಹುಡುಕಬೇಕಿಲ್ಲ. ಅಲ್ಲಲ್ಲಿ ಹೊಂದಿದರೆ ಉಳಿದದ್ದಕ್ಕೂ ಬಲ ಬರುತ್ತದೆ.

ಸುಳ್ಳು ಡೈರಿ ಕೂಡ ಇದೇ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ವರ್ಷದ ಕೊನೆಗೆ ಒಂದೇ ಸಲ ಕೂತು ತುಂಬಿದ ಡೈರಿಯಲ್ಲಿ ದಿನವೂ 9ರಿಂದ 5, ಹಬ್ಬಕ್ಕೂ ರಜೆ ಇಲ್ಲ, ಜ್ವರ ಬಂದ ದಿನವೂ ಕೆಲಸ. ಅದೇ ದಿನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇರೆ ಊರಿನ ಹೋಟೆಲ್ ಬಿಲ್ ತೋರಿಸುತ್ತಿರುತ್ತದೆ. ಫೈಲಾಗಿ ಇಟ್ಟ ಪಟ್ಟಿಯಾದರೆ ಅದು ಯಾವತ್ತು ಹುಟ್ಟಿತು ಎಂಬುದೂ ಫೈಲಿನಲ್ಲೇ ಇರುತ್ತದೆ. ಪ್ರತಿದಿನ ಬರೆಯಲಾಗದಿದ್ದರೆ ವಾರಕ್ಕೊಮ್ಮೆ, ಮೇಲ್‌ಗಳನ್ನು ಮುಂದಿಟ್ಟುಕೊಂಡು ಬರೆಯಿರಿ. ಅದಕ್ಕಿಂತ ತಡ ಮಾಡಬೇಡಿ.

ನಾಲ್ಕು ವಾರದ ದಾಖಲೆಯಿಂದ ವರ್ಷದ ಪಾಲು ತೆಗೆಯುವವರು ಆ ವಾರಗಳನ್ನು ಆರಿಸುವಾಗ ನಿಯತ್ತು ಬೇಕು. ಒಂದು ದೊಡ್ಡ ಪುಸ್ತಕದ ಗಡುವು ಇದ್ದ ತಿಂಗಳನ್ನೇ ಹಿಡಿದರೆ ಪಾಲು ಏರುತ್ತದೆ, ಆದರೆ ಉಳಿದ ಹನ್ನೊಂದು ತಿಂಗಳ ಇನ್‌ವಾಯ್ಸ್‌ಗಳು ಅದನ್ನು ಒಪ್ಪುವುದಿಲ್ಲ. ಮಾಮೂಲಿ ತಿಂಗಳು ಹಿಡಿಯಿರಿ. ಅದೇ ತಿಂಗಳು ಯಾಕೆ ಎಂದು ಹಾಳೆಯ ತುದಿಯಲ್ಲಿ ಒಂದು ಸಾಲು ಬರೆದಿಡಿ.

ಹೆಸರು ಬೇರೆಯವರದಾದರೆ

ಇಂಟರ್ನೆಟ್ ಬಿಲ್ ಗಂಡನ ಹೆಸರಿನಲ್ಲಿ, ಬಾಡಿಗೆ ಕರಾರು ಅಪ್ಪನ ಹೆಸರಿನಲ್ಲಿ ಇರುವುದು ಮನೆಗಳಲ್ಲಿ ಸಾಮಾನ್ಯ. ಇಲ್ಲಿ ಮುಖ್ಯವಾಗುವುದು ದುಡ್ಡು ಯಾರ ಖಾತೆಯಿಂದ ಹೋಯಿತು ಎಂಬುದು. ನಿಮ್ಮ ಖಾತೆಯಿಂದಲೇ ಕಟ್ಟಿದ್ದರೆ ಬಿಲ್ಲಿನ ಮೇಲಿನ ಹೆಸರನ್ನು ವಿವರಿಸಬಹುದು. ಅರ್ಧ ಮಾತ್ರ ಕಟ್ಟಿದ್ದರೆ ಪಾಲು ತೆಗೆಯಬೇಕಾದ್ದು ಆ ಅರ್ಧದಿಂದ. ನೀವು ಕಟ್ಟೇ ಇಲ್ಲವೆಂದರೆ ಕೋಣೆಯಲ್ಲಿ ಎಷ್ಟು ಗಂಟೆ ಬರೆದರೂ ನಿಮಗೆ ಖರ್ಚಾಗಿಲ್ಲ. ಹೊಸದಾಗಿ ಕನೆಕ್ಷನ್ ಹಾಕಿಸುವವರಾದರೆ ನಿಮ್ಮ ಹೆಸರಿನಲ್ಲೇ ಹಾಕಿಸಿ, ಮುಂದಿನ ವಿವರಣೆಯೆಲ್ಲ ಉಳಿಯುತ್ತದೆ.

ಗಂಡನೂ ಮನೆಯಿಂದ ಕೆಲಸ ಮಾಡುತ್ತಾ ಅದೇ ಬಿಲ್ಲಿನ ಪಾಲು ಕೇಳುತ್ತಿದ್ದರೆ ಇಬ್ಬರೂ ಒಂದೇ ಹಾಳೆಯಲ್ಲಿ ಲೆಕ್ಕ ಹಾಕುವುದು ಒಳ್ಳೆಯದು. ಇಬ್ಬರ ಪಾಲು ಸೇರಿ ಬಿಲ್ಲಿಗಿಂತ ಜಾಸ್ತಿಯಾದರೆ ಇಬ್ಬರಿಗೂ ತೊಂದರೆ. ಯಾವುದಾದರೂ ಪತ್ರಿಕೆ ಅಥವಾ ಕಂಪನಿ ನಿಮಗೆ ಇಂಟರ್ನೆಟ್ ಖರ್ಚನ್ನು ತುಂಬಿಕೊಟ್ಟಿದ್ದರೆ ಅಷ್ಟನ್ನು ಮೊದಲು ಕಳೆಯಬೇಕು, ಅಥವಾ ಆ ಹಣವನ್ನು ಆದಾಯದಲ್ಲಿ ತೋರಿಸಬೇಕು.

ಅಪ್ಪ ಅಮ್ಮನ ಮನೆಯಲ್ಲೇ ಇದ್ದು ಅವರಿಗೆ ಬಾಡಿಗೆ ಕೊಡುತ್ತೇನೆ ಎಂದು ತೋರಿಸುವವರು ನಿಜವಾಗಿ ಪ್ರತಿ ತಿಂಗಳೂ ಕೊಡಬೇಕು, ಅದು ಬ್ಯಾಂಕಿನ ಮೂಲಕ ಹೋಗಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ವರ್ಷದ ಕೊನೆಯಲ್ಲಿ ಬರೆದ ಒಂದು ರಶೀದಿ ಪುಸ್ತಕ ಇದಕ್ಕೆ ಸಾಲದು.

ಗಳಿಕೆ ತೀರ ಕಡಿಮೆ ಇರುವ ವರ್ಷದ ಬಗ್ಗೆ ಒಂದು ಮಾತು. ಅಮೆರಿಕ, ಕೆನಡಾಗಳಲ್ಲಿ ಮನೆಯ ಕೋಣೆಯ ಖರ್ಚಿನಿಂದ ವೃತ್ತಿಯಲ್ಲಿ ನಷ್ಟ ತೋರಿಸುವಂತಿಲ್ಲ. ಸಾಮಾನ್ಯ ವಿಧಾನದಲ್ಲಿ ಮಿಕ್ಕದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು, ಅಮೆರಿಕದ ಚದರಡಿಗೆ 5 ಡಾಲರಿನ ಸರಳ ವಿಧಾನದಲ್ಲಿ ಮಾತ್ರ ಒಯ್ಯಲಾಗದು. ಹೊಸದಾಗಿ ಬರೆಯಲು ಶುರು ಮಾಡಿದವರಿಗೆ ಈ ವ್ಯತ್ಯಾಸ ದೊಡ್ಡದು.

ಕಾಗದಗಳನ್ನು ಎಷ್ಟು ದಿನ ಇಡಬೇಕು ಎಂಬುದಕ್ಕೂ ಆಯಾ ದೇಶದ ಗಡುವಿದೆ. ಆಸ್ಟ್ರೇಲಿಯಾದಲ್ಲಿ 5 ವರ್ಷ, ಕೆನಡಾದಲ್ಲಿ 6. ನಡುವೆ ಮನೆ ಬದಲಾಯಿಸಿದರೆ ಅಥವಾ ಮಗನ ಓದು ಬೇರೆ ಕೋಣೆಗೆ ಹೋದರೆ ಹಳೇ ಪಾಲು ಆ ದಿನಕ್ಕೆ ನಿಂತಿತು. ಆ ವರ್ಷಕ್ಕೆ ಎರಡು ಲೆಕ್ಕದ ಹಾಳೆ ಬೇಕು, ಬದಲಾದ ದಿನದ ಮುಂಚಿನ ತಿಂಗಳುಗಳಿಗೆ ಒಂದು, ಆಮೇಲಿನವಕ್ಕೆ ಇನ್ನೊಂದು. ಹಳೇ ಮನೆಯ ಅಳತೆಯನ್ನು ಖಾಲಿ ಮಾಡುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಕೀಲಿ ಕೊಟ್ಟ ಮೇಲೆ ಒಳಗೆ ಹೋಗಿ ಅಳೆಯಲು ಆಗುವುದಿಲ್ಲ.